‘ಯೆಸ್’ ಅಂದರೆ ತಿಂದಿಲ್ಲ!

ಹೋದ ತಿಂಗಳು ಅತ್ತೆಯವರನ್ನು ಇಲ್ಲೇ ಹೈದರಾಬಾದಿನ ಲ್ಯಾಬೊಂದಕ್ಕೆ ಫಾಸ್ಟಿಂಗ್ ಶುಗರ್ ಪರೀಕ್ಷೆಗೆ ಕರೆದೊಯ್ದಿದ್ದೆ. ಅಲ್ಲಿಯ ಹುಡುಗಿ, “ಯೂ ಹ್ಯಾವಂಟ್ ಈಟನ್?” ಎಂದು ಕೇಳಿದಳು. ಅತ್ತೆ “ಯೆಸ್” ಅಂದರು. ತಿಂದಿದ್ದಾರೆಂದುಕೊಂಡು, “ನಾಳೆ ಬನ್ನಿ” ಎಂದುಬಿಟ್ಟಳು!

ಅತ್ತೆ ಹೇಳಿದ್ದು, “ನೀನಂದದ್ದು ಸರಿ, ತಿಂದಿಲ್ಲ” ಎಂದು. ನಮ್ಮ ‘ಹೌದು’, ತೆಲುಗಿನವರ ‘ಅವುನು’ ಕೇಳಿದವರ ಮಾತನ್ನು ಒಪ್ಪುತ್ತವೆ. ಇಂಗ್ಲಿಷಿನ ‘ಯೆಸ್’ ಹಾಗಲ್ಲ, ತಿಂದದ್ದನ್ನೇ ಹೇಳುತ್ತದೆ. ತಮಾಷೆಯೆಂದರೆ “ತಿಂದಿಲ್ವಾ?” ಎಂದಾಗ ನಾವು “ಇಲ್ಲ” ಅಂದರೂ ತಿಂದಿಲ್ಲವೆಂದೇ ಅರ್ಥ.

ಹೆದರಿಕೆ ಇರುವುದು ಆಪರೇಷನ್ನಿಗೆ ಮೊದಲು. ತಿಂದವರು “ನೋ, ನೋ, ತಿಂದಿದ್ದೀನಿ” ಅನ್ನಹೊರಟಾಗ, ಕೇಳುವವರು ‘ನೋ’ಗೇ ಬರೆದುಕೊಂಡುಬಿಟ್ಟರೆ?

ಈಗ ಅತ್ತೆ ಕೇಳುವ ಮೊದಲೇ ಹೇಳುತ್ತಾರೆ: “ರಾತ್ರಿ 9ಕ್ಕೆ ಚಪಾತಿ ತಿಂದೆ, ಆಮೇಲೆ ಬರೀ ನೀರು.”