ನರ್ಸರಿಯ ನೆರಳು ಪರದೆ: ಬಿಗಿತವನ್ನು ನೋಡುವ ಬಗೆ



ನರ್ಸರಿಯ ನೆರಳು ಪರದೆ ಹರಿಯತೊಡಗುವುದು ಸಾಮಾನ್ಯವಾಗಿ ನಡುವಿನಲ್ಲಲ್ಲ, ಅಂಚಿನ ಐಲೆಟ್ ಉಂಗುರಗಳ ಬಳಿ. ಆದುದರಿಂದ ಅಂಚನ್ನು ಮಡಚಿ ಹೊಲಿದ ಮೇಲೆಯೇ, ಸುಮಾರು ಒಂದೂವರೆ ಅಡಿಗೊಂದರಂತೆ ಉಂಗುರ ಕೂರಿಸತಕ್ಕದ್ದು. ಮೊದಲು ನಾಲ್ಕು ಮೂಲೆಗಳನ್ನು ಪೈಪಿಗೆ ಸಡಿಲವಾಗಿ ಕಟ್ಟಿ, ಬಳಿಕ ಎದುರುಬದುರಿನ ಅಂಚುಗಳನ್ನು ಮಧ್ಯದಿಂದ ಮೂಲೆಗಳತ್ತ ಸರದಿಯಂತೆ ಬಿಗಿಯುತ್ತ ಬರಬೇಕು. ಒಂದೇ ಬದಿಯನ್ನು ಪೂರ್ತಿ ಬಿಗಿದುಬಿಟ್ಟರೆ ಪರದೆ ಓರೆಯಾಗಿ, ಕೆಲವೇ ಉಂಗುರಗಳ ಮೇಲೆ ಎಳೆತವೆಲ್ಲ ಬೀಳುತ್ತದೆ. ಕಟ್ಟಲು ತಂತಿ ಸಲ್ಲದು, ಅದು ಪರದೆಯನ್ನು ಕೊಯ್ಯುತ್ತದೆ. ಬಿಸಿಲಿಗೆ ಬಾಳುವ ಹಗ್ಗವನ್ನು, ಮತ್ತೆ ಬಿಗಿಯಲು ಬರುವ ಗಂಟಿನಿಂದ ಕಟ್ಟಿಸಿರಿ.

ಬಿಲ್ಲಿಗೆ ಒಪ್ಪಿಗೆ ನೀಡುವ ಮುನ್ನ, ಗಾಳಿ ಬೀಸುವ ಹೊತ್ತಿನಲ್ಲಿ ಹೋಗಿ ನೋಡಿರಿ. ಪರದೆ ಪಟಪಟನೆ ಬಡಿದರೆ ಸಡಿಲವೆಂದೂ, ಉಂಗುರದ ಸುತ್ತಲಿನ ಎಳೆಗಳು ಜಾರಿ ಸಂದು ಬಿಟ್ಟಿದ್ದರೆ ಇಲ್ಲವೆ ಪೈಪು ಒಳಕ್ಕೆ ಬಾಗಿದ್ದರೆ ಅತಿ ಬಿಗಿಯೆಂದೂ ತಿಳಿಯತಕ್ಕದ್ದು.