ಮಾತ್ರೆಯ ಡಬ್ಬದ ಮೇಲಿನ ಅಂಕಿಯನ್ನು ಓದುವ ಬಗೆ
(ಮಲ್ಪೆಯಲ್ಲಿ ದಂಪತಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಗರ್ಭಿಣಿಯರು ಸೇವಿಸುವ ಮಾತ್ರೆಗಳ ಡಬ್ಬದ ಮೇಲೆ ಫೋಲಿಕ್ ಆಮ್ಲದ ಪ್ರಮಾಣವನ್ನು ಅಂಕಿಗಳಲ್ಲಿ ಅಚ್ಚು ಮಾಡಿರುತ್ತಾರೆ. ಆ ಅಂಕಿಯನ್ನು ಓದುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ. ಇದು ಔಷಧಿ ಅಂಗಡಿಯವರು ತಿಳಿದರೆ ಸಾಕಾಗುವ ಸಂಗತಿ ಎಂದು ಭಾವಿಸಬೇಡಿ. ಅಂಕಿಯನ್ನು ತಪ್ಪಾಗಿ ಓದಿದ ಮನೆಯಲ್ಲಿ ಬೇಕಾದ ಮಾತ್ರೆ ಮೂಲೆ ಸೇರುತ್ತದೆ, ಬೇಡವಾದುದು ಹೊಟ್ಟೆ ಸೇರುತ್ತದೆ.

ಮಲ್ಪೆಯ ಬಂದರಿನ ಸಮೀಪದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗಂಡ ಯಾಂತ್ರಿಕ ದೋಣಿಯಲ್ಲಿ ದುಡಿಯುವವನು. ಹೆಂಡತಿಗೆ ಈಗ ನಾಲ್ಕನೆಯ ತಿಂಗಳು. ಆ ಮನೆಯಲ್ಲಿ ಮೂರು ಬಗೆಯ ಮಾತ್ರೆಗಳಿವೆ. ಮೊದಲನೆಯದು ಉಪಕೇಂದ್ರದಲ್ಲಿ ಕೊಟ್ಟ ಕೆಂಪು ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿದೆ. ಎರಡನೆಯದು ಅಮೆರಿಕದಲ್ಲಿರುವ ನಾದಿನಿ ಕಳುಹಿಸಿದ ಬಾಟಲಿ. ಅದರ ಮೇಲೆ ಫೋಲೇಟ್ 680 ಎಂ.ಸಿ.ಜಿ. ಡಿ.ಎಫ್.ಇ. ಎಂದು ಬರೆದಿದೆ. ಮೂರನೆಯದು ಉಡುಪಿಯ ಅಂಗಡಿಯಿಂದ ತಂದ ಮೀಥೈಲ್ ಫೋಲೇಟ್ ಮಾತ್ರೆ. ಅದರ ಮೇಲೆ 1 ಮಿಲಿಗ್ರಾಂ ಎಂದಿದೆ.

ಅತ್ತೆಯವರು ಮೂರನ್ನೂ ಹೋಲಿಸಿ ನೋಡುತ್ತಾರೆ. 680 ಎಲ್ಲಕ್ಕಿಂತ ದೊಡ್ಡದು, 500 ಅದಕ್ಕಿಂತ ಕಡಿಮೆ, 1 ಎಂಬುದಂತೂ ಲೆಕ್ಕಕ್ಕೇ ಇಲ್ಲ. ಆದುದರಿಂದ ವಿದೇಶದ ಮಾತ್ರೆಯೇ ಮೇಲೆಂದು ತೀರ್ಮಾನವಾಗುತ್ತದೆ, ಕೆಂಪು ಮಾತ್ರೆ ಕಪಾಟು ಸೇರುತ್ತದೆ. ನೋಡುವುದಕ್ಕೆ ಈ ತೀರ್ಮಾನ ಸರಿಯೆಂದೇ ತೋರುತ್ತದೆ. ಆದರೆ ವಾಸ್ತವದಲ್ಲಿ ಈ ಮೂರರಲ್ಲಿ ಅತಿ ಕಡಿಮೆ ಪ್ರಮಾಣವಿರುವುದು 680 ಎಂದು ಬರೆದಿರುವ ಮಾತ್ರೆಯಲ್ಲಿಯೇ, ಅತಿ ಹೆಚ್ಚು ಇರುವುದು 1 ಎಂದು ಬರೆದಿರುವುದರಲ್ಲಿ. ಇದು ಹೇಗೆಂಬುದನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲು ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂಗಳ ವ್ಯತ್ಯಾಸ. ಒಂದು ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ. ಎಂ.ಸಿ.ಜಿ. ಎಂಬುದು ಮೈಕ್ರೋಗ್ರಾಂನ ಸಂಕ್ಷಿಪ್ತ ರೂಪ. ಆದುದರಿಂದ ಅಂಗಡಿಯ ಮಾತ್ರೆಯ 1 ಎಂಬುದು ಸುಮಾರು 1000 ಎಂದೇ ಓದಬೇಕು. ಕೆಲವು ಅಂಗಡಿಗಳಲ್ಲಿ 5 ಮಿಲಿಗ್ರಾಂನ ಫೋಲಿಕ್ ಆಮ್ಲದ ಮಾತ್ರೆಯೂ ದೊರೆಯುತ್ತದೆ. ಅದು 5000 ಮೈಕ್ರೋಗ್ರಾಂ, ಅಂದರೆ ಕೆಂಪು ಮಾತ್ರೆಯ ಹತ್ತರಷ್ಟು.

ಇನ್ನು ಡಿ.ಎಫ್.ಇ. ಎಂಬ ಮೂರು ಅಕ್ಷರಗಳು. ಇದನ್ನು ಕನ್ನಡದಲ್ಲಿ ಆಹಾರದ ಫೋಲೇಟಿಗೆ ಸಮನಾದ ಪ್ರಮಾಣ ಎನ್ನಬಹುದು. ಫೋಲೇಟ್ ಎಂಬುದು ಸೊಪ್ಪು ಮತ್ತು ಕಾಳುಗಳಲ್ಲಿ ಸಹಜವಾಗಿ ಇರುವ ಜೀವಸತ್ವ. ನಮ್ಮ ಹಿತ್ತಲಿನ ಬಸಳೆ, ಹರಿವೆ, ನುಗ್ಗೆ ಸೊಪ್ಪು, ಅಲಸಂಡೆ, ಹೆಸರುಕಾಳುಗಳಲ್ಲಿ ಅದಿದೆ. ಆದರೆ ಅದು ಮೃದು ಸ್ವಭಾವದ್ದು. ಬೇಯಿಸುವಾಗ ಒಂದಂಶ ನಾಶವಾಗುತ್ತದೆ, ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಮತ್ತೊಂದಂಶ ಹೊರಗೆ ಹೋಗುತ್ತದೆ. ಉಳಿದುದನ್ನೂ ಕರುಳು ಪೂರ್ತಿಯಾಗಿ ಹೀರಿಕೊಳ್ಳುವುದಿಲ್ಲ. ಫೋಲಿಕ್ ಆಮ್ಲ ಎಂಬುದು ಅದೇ ಜೀವಸತ್ವದ, ಕಾರ್ಖಾನೆಯಲ್ಲಿ ತಯಾರಾದ ಗಟ್ಟಿಮುಟ್ಟಾದ ರೂಪ. ಅದು ಮಾತ್ರೆಯಲ್ಲಿ ಬೇಗ ಕೆಡುವುದಿಲ್ಲ, ಕರುಳು ಅದನ್ನು ಹೆಚ್ಚು ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದೊಡನೆ ಸೇವಿಸಿದ 1 ಮೈಕ್ರೋಗ್ರಾಂ ಫೋಲಿಕ್ ಆಮ್ಲವು ಆಹಾರದಲ್ಲಿನ ಸುಮಾರು 1.7 ಮೈಕ್ರೋಗ್ರಾಂ ಫೋಲೇಟಿಗೆ ಸಮ ಎಂದು ಲೆಕ್ಕ ಹಾಕಿದ್ದಾರೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಹೊಸ ನಿಯಮವನ್ನು ಹೊರಡಿಸಿ, ಡಬ್ಬಗಳ ಮೇಲೆ ಈ ಸಮ ಪ್ರಮಾಣವನ್ನೇ ಅಚ್ಚು ಮಾಡಬೇಕೆಂದು ವಿಧಿಸಿತು. ಆದುದರಿಂದ ನಾದಿನಿಯ ಬಾಟಲಿಯ 680 ಎಂಬ ಅಂಕಿ ಮಾತ್ರೆಯಲ್ಲಿರುವ ಪದಾರ್ಥದ ತೂಕವಲ್ಲ. 400ನ್ನು 1.7ರಿಂದ ಗುಣಿಸಿದರೆ 680 ಬರುತ್ತದೆ. ಆ ಸಾಲಿನಲ್ಲಿಯೇ ಆವರಣದೊಳಗೆ 400 ಎಂ.ಸಿ.ಜಿ. ಫೋಲಿಕ್ ಆಮ್ಲ ಎಂದು ಚಿಕ್ಕ ಅಕ್ಷರಗಳಲ್ಲಿ ಇರುತ್ತದೆ. ನೀವು ನೋಡಬೇಕಾದುದು ಆ ಆವರಣದೊಳಗಿನ ಅಂಕಿಯನ್ನು. ನಮ್ಮ ಕೆಂಪು ಮಾತ್ರೆಯ 500ನ್ನು ಇದೇ ರೀತಿಯಲ್ಲಿ ಗುಣಿಸಿದರೆ 850 ಆಗುತ್ತದೆ. ಹೀಗೆ, ಉಪಕೇಂದ್ರದ ಮಾತ್ರೆ ಈ ವಿಷಯದಲ್ಲಿ ವಿದೇಶದ ಬಾಟಲಿಗಿಂತ ಕಡಿಮೆಯದಲ್ಲ.

ಕೆಂಪು ಮಾತ್ರೆಯನ್ನು ಬಿಟ್ಟುದರಿಂದ ಆಗುವ ನಿಜವಾದ ನಷ್ಟ ಬೇರೆಯದು. ಅದು ಕಬ್ಬಿಣದ ನಷ್ಟ. ಅಮೆರಿಕದ ಗರ್ಭಿಣಿಯರ ಮಾತ್ರೆಗಳಲ್ಲಿ ಸಾಮಾನ್ಯವಾಗಿ 27 ಮಿಲಿಗ್ರಾಂನಷ್ಟು ಕಬ್ಬಿಣವಿರುತ್ತದೆ. ಅಂಟು ಮಿಠಾಯಿಯಂತೆ ಅಗಿಯುವ ಬಗೆಯವುಗಳಲ್ಲಿ ಹೆಚ್ಚಾಗಿ ಕಬ್ಬಿಣವೇ ಇರುವುದಿಲ್ಲ. ನಮ್ಮ ದೇಶದ ಗರ್ಭಿಣಿಯರಲ್ಲಿ ರಕ್ತಹೀನತೆ ಬಹಳ. ಆದುದರಿಂದಲೇ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದು ಕೆಂಪು ಮಾತ್ರೆಯನ್ನು ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಸೇವಿಸಬೇಕೆಂದು ನಿಗದಿಯಾಗಿದೆ. ಬಾಟಲಿಯ ಅಂಕಿಗೆ ಮರುಳಾಗಿ ಇದನ್ನು ಬಿಟ್ಟ ತಾಯಿಗೆ ಏಳನೆಯ ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ, ಅದರ ಕಾರಣ ಆ ಕಪಾಟಿನಲ್ಲಿಯೇ ಇರಬಹುದು.

ಈಗ ಮೂರನೆಯ ಮಾತ್ರೆಯಾದ ಮೀಥೈಲ್ ಫೋಲೇಟಿನ ಸಂಗತಿ. ನಾವು ಸೇವಿಸಿದ ಫೋಲಿಕ್ ಆಮ್ಲವನ್ನು ದೇಹವು ಕೆಲವು ಹಂತಗಳಲ್ಲಿ ಮಾರ್ಪಡಿಸಿ ಬಳಸಿಕೊಳ್ಳುತ್ತದೆ. ಮೀಥೈಲ್ ಫೋಲೇಟ್ ಎಂಬುದು ಹಾಗೆ ಮಾರ್ಪಟ್ಟು ರಕ್ತದಲ್ಲಿ ಸಂಚರಿಸುವ ರೂಪ. ಇದನ್ನು ಮಾರುವವರು, ಕೆಲವರ ದೇಹದಲ್ಲಿ ಈ ಮಾರ್ಪಾಡು ನಡೆಯುವುದೇ ಇಲ್ಲ, ಅವರಿಗೆ ಫೋಲಿಕ್ ಆಮ್ಲ ವ್ಯರ್ಥ ಎನ್ನುವುದುಂಟು. ಈ ಮಾತಿನಲ್ಲಿ ಸತ್ಯದ ಅಂಶ ಸ್ವಲ್ಪವಿದೆ, ಉತ್ಪ್ರೇಕ್ಷೆ ಹೆಚ್ಚಿದೆ. ವಂಶಪಾರಂಪರ್ಯವಾಗಿ ಬರುವ ಒಂದು ವ್ಯತ್ಯಾಸದಿಂದ ಕೆಲವರಲ್ಲಿ ಈ ಕಾರ್ಯ ನಿಧಾನವಾಗುತ್ತದೆ. ಆದರೆ ತಂದೆ ತಾಯಿ ಇಬ್ಬರಿಂದಲೂ ಆ ವ್ಯತ್ಯಾಸವನ್ನು ಪಡೆದವರಲ್ಲಿಯೂ, ಅಷ್ಟೇ ಫೋಲಿಕ್ ಆಮ್ಲ ಸೇವಿಸಿದಾಗ, ರಕ್ತದ ಫೋಲೇಟ್ ಇತರರಿಗಿಂತ ಸುಮಾರು ನೂರಕ್ಕೆ 16ರಷ್ಟು ಮಾತ್ರ ಕಡಿಮೆ ಇರುತ್ತದೆ. ಅಂದರೆ ಫೋಲಿಕ್ ಆಮ್ಲ ಅವರಿಗೂ ಕೆಲಸ ಮಾಡುತ್ತದೆ.

ಮೀಥೈಲ್ ಫೋಲೇಟ್ ಸೇವಿಸಿದರೆ ರಕ್ತದ ಫೋಲೇಟ್ ಏರುವುದು ನಿಜ. ಅದು ಹಾನಿಕರವೆಂದೂ ಅಲ್ಲ. ಆದರೆ ಗರ್ಭದಲ್ಲಿನ ಶಿಶುವಿನ ಬೆನ್ನುಹುರಿಯ ದೋಷವನ್ನು ತಡೆಯುತ್ತದೆಂದು ಪ್ರಯೋಗಗಳಿಂದ ಸಿದ್ಧವಾಗಿರುವುದು ಫೋಲಿಕ್ ಆಮ್ಲ ಮಾತ್ರ. ಚೀನಾದಲ್ಲಿ 1993ರಿಂದ 1995ರವರೆಗೆ ನಡೆದ ದೊಡ್ಡ ಕಾರ್ಯಕ್ರಮವೊಂದರಲ್ಲಿ ಸ್ತ್ರೀಯರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ನೀಡಲಾಯಿತು. ಆ ದೇಶದ ಉತ್ತರ ಭಾಗದಲ್ಲಿ, ಮಾತ್ರೆ ಸೇವಿಸದವರಲ್ಲಿ ಪ್ರತಿ 1000 ಗರ್ಭಗಳಲ್ಲಿ 4.8ರಷ್ಟು ಇದ್ದ ಈ ದೋಷ, ಗರ್ಭಧಾರಣೆಗೆ ಮುಂಚಿನಿಂದ ಸೇವಿಸಿದವರಲ್ಲಿ 1ಕ್ಕೆ ಇಳಿಯಿತು. ನಾನು ಹೇಳಿದ ವಂಶಪಾರಂಪರ್ಯದ ವ್ಯತ್ಯಾಸ ಹೆಚ್ಚಾಗಿ ಕಂಡುಬರುವ ಪ್ರದೇಶಗಳಲ್ಲಿ ಅದೂ ಒಂದು. ಮೀಥೈಲ್ ಫೋಲೇಟಿನ ಬಗ್ಗೆ ಇಂತಹ ಪ್ರಯೋಗ ನಡೆದಿಲ್ಲ. ವೈದ್ಯರು ಅದನ್ನೇ ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಕಿಲ್ಲ. ಆದರೆ ಕಡಿಮೆ ಬೆಲೆಯ ಫೋಲಿಕ್ ಆಮ್ಲ ಕೀಳೆಂದು ತಿಳಿದು, ಸಾಲ ಮಾಡಿ ಅದನ್ನು ಕೊಳ್ಳುವ ಕಾರಣವೂ ಇಲ್ಲ.

ಯಾವ ಮಾತ್ರೆ ಎಂಬುದಕ್ಕಿಂತ ಯಾವಾಗ ಎಂಬುದು ಹೆಚ್ಚು ಮುಖ್ಯ. ನಾಲ್ಕನೆಯ ತಿಂಗಳಿನ ಆ ಮನೆಯಿಂದ ಇನ್ನೂ ಮಗುವಿನ ನಿರೀಕ್ಷೆಯಲ್ಲಿರುವ ಮತ್ತೊಂದು ಮನೆಗೆ ಬರೋಣ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳು ದಡದಲ್ಲಿರುತ್ತವೆ, ಗಂಡ ಮನೆಯಲ್ಲಿರುತ್ತಾನೆ. ಹೆಂಡತಿ ಜೂನ್ 1ರಂದು ಮುಟ್ಟಾದಳೆಂದು ಇಟ್ಟುಕೊಳ್ಳಿ. ಸುಮಾರು ಜೂನ್ 15ಕ್ಕೆ ಗರ್ಭ ನಿಲ್ಲುತ್ತದೆ. ಜೂನ್ 29ರ ಮುಟ್ಟು ತಪ್ಪುತ್ತದೆ. ಶಿಶುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನಾಳವು ಗರ್ಭ ನಿಂತ 28 ದಿನಗಳೊಳಗೆ, ಅಂದರೆ ಜುಲೈ 13ರ ಹೊತ್ತಿಗೆ ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿದರೆ ಬೆನ್ನು ಸೀಳಿದ ಮಗು, ಇಲ್ಲವೆ ತಲೆಬುರುಡೆ ಪೂರ್ಣವಾಗದ ಮಗು ಹುಟ್ಟಬಹುದು.

ದೋಣಿಗಳು ಕಡಲಿಗಿಳಿದ ಮೇಲೆ, ಆಗಸ್ಟ್‌ನಲ್ಲಿ, ನಿಧಾನವಾಗಿ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಆ ನಾಳದ ಮಟ್ಟಿಗೆ ಕಾಲ ಮೀರಿರುತ್ತದೆ. ಆಗ ಎಷ್ಟು ಬೆಲೆಯ ಮಾತ್ರೆ ತಂದರೂ ಮುಚ್ಚದ ನಾಳ ಮುಚ್ಚುವುದಿಲ್ಲ. ಆದುದರಿಂದ ಈ ದಂಪತಿಗಳು ಮೇ ತಿಂಗಳ ಆರಂಭದಲ್ಲಿಯೇ, ಅಂದರೆ ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲೇ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಆರಂಭಿಸಿ ಮೂರು ತಿಂಗಳು ತುಂಬುವವರೆಗೆ ಮುಂದುವರಿಸಬೇಕು. ಅನಂತರ ಕೆಂಪು ಮಾತ್ರೆಯ ಸರದಿ.

ಹೆಚ್ಚು ಸೇವಿಸಿದರೆ ಹೆಚ್ಚು ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ವೈದ್ಯರ ಸಲಹೆಯಿಲ್ಲದೆ ಮಾತ್ರೆಗಳ ಮೂಲಕ ದಿನಕ್ಕೆ 1000 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಮೀರಬಾರದು. ಬಿ-12 ಎಂಬ ಇನ್ನೊಂದು ಜೀವಸತ್ವದ ಕೊರತೆಯಿದ್ದವರಲ್ಲಿ ಅಧಿಕ ಫೋಲಿಕ್ ಆಮ್ಲವು ರಕ್ತವನ್ನು ಮಾತ್ರ ಸರಿಪಡಿಸಿ ರೋಗವನ್ನು ಮರೆಮಾಚುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಬಂಗುಡೆ, ಬೂತಾಯಿ ತಿನ್ನುವ ಮನೆಗಳಲ್ಲಿ ಬಿ-12 ದೊರೆಯುತ್ತದೆ. ಸೊಪ್ಪು ತರಕಾರಿಗಳಲ್ಲಿ ಅದಿಲ್ಲ. ಆದುದರಿಂದ ಮೀನು, ಮೊಟ್ಟೆ ತಿನ್ನದೆ, ಹಾಲು ಮೊಸರನ್ನೂ ಅಪರೂಪಕ್ಕೆ ಸೇವಿಸುವ ಮನೆಯವರು, ಪಾದ ಜುಮ್ಮೆನ್ನುವುದು ಅಥವಾ ಮರಗಟ್ಟುವುದು ಕಂಡುಬಂದರೆ ವೈದ್ಯರಿಗೆ ತಿಳಿಸಬೇಕು.

5 ಮಿಲಿಗ್ರಾಂನ ಮಾತ್ರೆ ಇರುವುದು ಬೇರೆ ಕಾರಣಕ್ಕೆ. ಹಿಂದಿನ ಗರ್ಭದಲ್ಲಿ ಬೆನ್ನುಹುರಿಯ ದೋಷವಿದ್ದ ತಾಯಂದಿರಿಗೆ ದೊಡ್ಡ ಪ್ರಮಾಣ ಅಗತ್ಯ. ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲವು ಆ ದೋಷ ಮರುಕಳಿಸುವುದನ್ನು ನೂರಕ್ಕೆ 72ರಷ್ಟು ತಗ್ಗಿಸಿತೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು 1991ರಲ್ಲಿ ಪ್ರಕಟಿಸಿತು. ಅಂತಹವರೂ, ಅಪಸ್ಮಾರಕ್ಕೆ ಔಷಧಿ ಸೇವಿಸುತ್ತಿರುವವರೂ ಗರ್ಭಧಾರಣೆಗೆ ಮೊದಲೇ ವೈದ್ಯರನ್ನು ಕಂಡು ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕು. ಅಪಸ್ಮಾರದ ಔಷಧಿಯನ್ನು ಮಾತ್ರ ತಾವಾಗಿ ನಿಲ್ಲಿಸಲೇಬಾರದು.

ಈಗ ಆ ಮೂರು ಮಾತ್ರೆಗಳ ಮನೆಗೆ ಹಿಂದಿರುಗೋಣ. ತಾಯಿ ಕಪಾಟಿನಿಂದ ಕೆಂಪು ಮಾತ್ರೆಯನ್ನು ತೆಗೆದು ಪ್ರತಿದಿನ ಊಟವಾದ ಮೇಲೆ ಸೇವಿಸಲಿ, ಅದರೊಡನೆ ಚಹಾ ಕಾಫಿ ಕುಡಿಯದಿರಲಿ. ಬಾಟಲಿಯನ್ನೂ ಅಂಗಡಿಯ ಮಾತ್ರೆಯನ್ನೂ ಚೀಲದಲ್ಲಿ ಹಾಕಿಕೊಂಡು ಮುಂದಿನ ತಪಾಸಣೆಗೆ ಹೋಗಲಿ, ಗಂಡನೂ ಜೊತೆಗಿರಲಿ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ: ಇದರಲ್ಲಿ ಫೋಲಿಕ್ ಆಮ್ಲ ಎಷ್ಟು ಮೈಕ್ರೋಗ್ರಾಂ ಇದೆ? ಕಬ್ಬಿಣ ಎಷ್ಟು ಮಿಲಿಗ್ರಾಂ ಇದೆ? ಉತ್ತರ ದೊರೆತ ಮೇಲೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.