ತಲೆ ಇಲ್ಲದ ಫ್ಲೆಮಿಂಗೊ, ಮತ್ತೆ ನಮ್ಮ ‘ಎಐ ಕಣ್ಣು’

ಇವತ್ತು ಒಂದು ಫೋಟೋದಿಂದ ಶುರು ಮಾಡೋಣ. ಕಣ್ಣು ಮುಚ್ಚಿ ಊಹಿಸ್ಕೊಳ್ಳಿ. ಗಾಡಿ ಓಡಿಸ್ತಾ ಕೇಳ್ತಿದ್ರೆ ಮಾತ್ರ ಬೇಡ ಮಾರಾಯ್ರೆ!

ಕಡಲತೀರದ ಮರಳು. ಅದರ ಮೇಲೆ ಕಡ್ಡಿಯಂಥ ಎರಡು ಕಾಲು, ಕಾಲಿನ ಮೇಲೆ ಗುಲಾಬಿ ಪುಕ್ಕದ ಒಂದು ಉಂಡೆ. ಅಷ್ಟೇ. ಕತ್ತೂ ಇಲ್ಲ, ತಲೆಯೂ ಇಲ್ಲ.

ಎಐ ಅಂತ ತಾನೇ ಅನ್ಸಿದ್ದು? 2024ರಲ್ಲಿ 1839 ಅವಾರ್ಡ್ಸ್ ಅನ್ನೋ ಫೋಟೋ ಸ್ಪರ್ಧೆಯ ತೀರ್ಪುಗಾರರಿಗೂ ಅನುಮಾನ ಬರಲಿಲ್ಲ. ಎಐ ಚಿತ್ರಗಳ ವಿಭಾಗದಲ್ಲಿ ಅದಕ್ಕೆ ಮೂರನೇ ಬಹುಮಾನ ಕೊಟ್ರು. ಜನರ ವೋಟಿನ ಪ್ರಶಸ್ತಿಯೂ ಅದಕ್ಕೇ ಹೋಯ್ತು. ಆಮೇಲೆ ಅದನ್ನ ಕಳಿಸಿದ್ದ ಮೈಲ್ಸ್ ಆಸ್ಟ್ರೇ ಬಾಯಿಬಿಟ್ರು: ಇದು ಎಐ ಅಲ್ಲ, ಅರೂಬಾ ದ್ವೀಪದಲ್ಲಿ ನಾನೇ ಕ್ಯಾಮೆರಾದಲ್ಲಿ ತೆಗೆದ ಫೋಟೋ. ಹಕ್ಕಿ ಹೊಟ್ಟೆ ಕೆರ್ಕೊಳ್ಳೋಕೆ ತಲೆ ಬಗ್ಗಿಸಿತ್ತು, ಅದಕ್ಕೇ ಕಾಣ್ತಿರಲಿಲ್ಲ. ಬಹುಮಾನ ವಾಪಸ್ ಹೋಯ್ತು. ನಿಯಮ ನಿಯಮಾನೇ, ಏನು ಮಾಡೋಕಾಗುತ್ತೆ.

ನಾವು ‘ಇದು ಎಐ’ ಅಂತ ಹೇಳುವಾಗ ನಿಜವಾಗಿ ಅಳೀತಿರೋದು ಏನನ್ನ? ಚಿತ್ರ ಎಷ್ಟು ವಿಚಿತ್ರವಾಗಿದೆ ಅನ್ನೋದನ್ನ. ಅದು ಎಲ್ಲಿಂದ ಬಂತು ಅನ್ನೋದನ್ನಲ್ಲ. ವಿಚಿತ್ರ ಅನ್ನೋದು ನಿಜದಲ್ಲೂ ಇರುತ್ತೆ. ಸುಳ್ಳು ತೀರಾ ಮಾಮೂಲಿಯಾಗೂ ಕಾಣಬಹುದು.

ಆ ಎರಡನೇ ಮಾತಿಗೆ ಒಂದು ಪ್ರಯೋಗ ಇದೆ. 2022ರಲ್ಲಿ ಸೋಫಿ ನೈಟಿಂಗೇಲ್ ಮತ್ತು ಹ್ಯಾನಿ ಫರೀದ್ ಅನ್ನೋ ಸಂಶೋಧಕರು 315 ಜನರಿಗೆ ಮುಖಗಳನ್ನ ತೋರಿಸಿದ್ರು. ಅರ್ಧ ನಿಜವಾದ ಮನುಷ್ಯರದ್ದು, ಅರ್ಧ ಕಂಪ್ಯೂಟರ್ ತಯಾರಿಸಿದ್ದು. ಸರಿ ಉತ್ತರ ಬಂದಿದ್ದು ಶೇ 48ರಷ್ಟು. ಅಂದ್ರೆ ನಾಣ್ಯ ಚಿಮ್ಮಿದ್ರೂ ಹೆಚ್ಚುಕಡಿಮೆ ಅಷ್ಟೇ ಬರ್ತಿತ್ತು. ಇನ್ನೊಂದು ಗುಂಪಿಗೆ ಏನೇನು ಗಮನಿಸಬೇಕು ಅಂತ ಮೊದಲೇ ಹೇಳ್ಕೊಟ್ರು, ಪ್ರತಿ ಉತ್ತರ ಆದ್ಮೇಲೆ ಸರಿನಾ ತಪ್ಪಾ ಅಂತಾನೂ ತಿಳಿಸಿದ್ರು. ಆಗ ಶೇ 59ಕ್ಕೆ ಏರಿತು. ಟ್ರೇನಿಂಗ್ ಆದ್ಮೇಲೂ 100ರಲ್ಲಿ 41 ತಪ್ಪು! ಇನ್ನೂ ಮಜಾ ಅಂದ್ರೆ, ‘ಯಾವ ಮುಖ ನಂಬಿಕೆಗೆ ಅರ್ಹ’ ಅಂತ ಬೇರೊಂದು ಗುಂಪಿಗೆ ಕೇಳಿದಾಗ ನಕಲಿ ಮುಖಗಳಿಗೇ ಸ್ವಲ್ಪ ಹೆಚ್ಚು ಅಂಕ ಬಿತ್ತು. ಯಾಕಿರಬಹುದು? ಕಂಪ್ಯೂಟರ್ ಮಾಡಿದ ಮುಖಗಳು ಸರಾಸರಿ ಮುಖಕ್ಕೆ ಹತ್ತಿರ ಇರ್ತವೆ, ಅಂಥ ಮುಖ ನಮಗೆ ಹೆಚ್ಚು ನಂಬಿಕೆಗೆ ಅರ್ಹ ಅನ್ಸುತ್ತೆ ಅನ್ನೋದು ಅವರ ಊಹೆ.

ಅದು 2022ರ ತಂತ್ರಜ್ಞಾನ ಅನ್ನೋದು ನೆನಪಿರ್ಲಿ.

‘ಇಲ್ಲಪ್ಪ, ನಾನು ದಿನಾ ಹಿಡೀತೀನಿ’ ಅಂತೀರಾ? ವಿಗ್ ಕಥೆ ಹೇಳ್ತೀನಿ. ನಮ್ಮಲ್ಲಿ ಎಲ್ರೂ ‘ವಿಗ್ ಹಾಕಿದ್ರೆ ನಂಗೆ ತಕ್ಷಣ ಗೊತ್ತಾಗುತ್ತೆ’ ಅಂತೀವಿ. ಗೊತ್ತಾಗೋದು ಕೆಟ್ಟ ವಿಗ್ ಮಾತ್ರ. ಒಳ್ಳೇ ವಿಗ್ ಹಾಕಿದವರನ್ನ ‘ಎಂಥಾ ಕೂದಲು’ ಅಂತ ಹೊಗಳಿ ಮುಂದೆ ಹೋಗಿರ್ತೀವಿ. ಎಐ ಚಿತ್ರಗಳಲ್ಲೂ ಹಂಗೇ. ಹಿಡಿದಿದ್ದು ಲೆಕ್ಕಕ್ಕೆ ಬರುತ್ತೆ. ಕಣ್ತಪ್ಪಿಸಿ ಹೋಗಿದ್ದು ಹೋಗಿದೆ ಅಂತಾನೇ ಗೊತ್ತಾಗಲ್ಲ. ಆರು ಬೆರಳು, ಓದೋಕಾಗದ ಬೋರ್ಡು, ಮೇಣದಂಥ ಚರ್ಮ, ಈ ಪಟ್ಟಿ ಎಲ್ಲಾ ಹುಟ್ಟಿದ್ದು ಆ ಕೆಟ್ಟ ವಿಗ್‌ಗಳಿಂದ.

ಈಗ ನಮ್ಮ ಕಡೆ ಬರೋಣ. ರಾತ್ರಿ ಹತ್ತೂವರೆ. ಏರಿಯಾ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಚಿರತೆ ಫೋಟೋ ಬಂತು ಅಂತಿಟ್ಕೊಳ್ಳಿ. ಜೂಮ್ ಮಾಡ್ತೀರಿ. ಮುಂಗಾಲು ಕಲಸಿಹೋಗಿದೆ, ಮೈಮೇಲಿನ ಚುಕ್ಕೆ ಬಣ್ಣ ಬಳಿದಂಗಿದೆ, ಹಿಂದಿನ ಅಂಗಡಿ ಬೋರ್ಡು ಓದೋಕಾಗ್ತಿಲ್ಲ. ‘ಎಐ ಗುರೂ, ಮಲ್ಕೊಳ್ರೋ’ ಅಂತ ಟೈಪ್ ಮಾಡ್ತೀರಿ.

ಸ್ವಲ್ಪ ತಡೀರಿ. ನೈಟ್ ಮೋಡ್‌ನಲ್ಲಿ ಫೋನು ಹಲವು ಫ್ರೇಮ್ ತೆಗೆದು ಒಂದಾಗಿ ಬೆರೆಸುತ್ತೆ. ಅಷ್ಟರಲ್ಲಿ ಕಾಲು ಅಲುಗಾಡಿದ್ರೆ ಅದು ಕಲಸಿಹೋಗಬಹುದು. ಕತ್ತಲಲ್ಲಿ ಬರೋ ಕಾಳು ಕಾಳನ್ನ ಸಾಫ್ಟ್‌ವೇರ್ ಉಜ್ಜಿ ತೆಗೆಯುತ್ತೆ, ಅದರಿಂದ ಬಣ್ಣ ಬಳಿದ ಹಾಗೆ ಆಗುತ್ತೆ. ವಾಟ್ಸ್‌ಆ್ಯಪ್ ಫೋಟೋನ ಕುಗ್ಗಿಸಿ ಕಳಿಸುತ್ತೆ, ಸಣ್ಣ ಅಕ್ಷರ ಕೆಡುತ್ತೆ. ಹಾಗಾಗಿ ನೀವು ‘ಎಐ ಗುರುತು’ ಅಂದ್ಕೊಂಡ ಮೂರೂ ನಿಜವಾದ ಫೋಟೋದಲ್ಲೂ ಇರಬಹುದು. ಇದರ ಉಲ್ಟಾ, ಕಾಲು, ಚುಕ್ಕೆ, ಬೋರ್ಡು ಎಲ್ಲಾ ಸ್ಪಷ್ಟವಾಗಿದ್ರೂ ಅದು ನಿಜ ಅಂತ ಸಾಬೀತಾಗಲ್ಲ.

ಹಾಗಾದ್ರೆ ಚಿರತೆಯನ್ನ ಬಿಟ್ಟು ಬೇರೆ ಕಡೆ ನೋಡಬೇಕು. ಫೋಟೋ ತೆಗೆದವರು ಯಾರು, ಫಾರ್ವರ್ಡ್ ಮಾಡಿದವರಲ್ಲ, ತೆಗೆದವರು? ಯಾವ ಕ್ರಾಸ್? ಆ ಗೇಟು, ಆ ಟ್ರಾನ್ಸ್‌ಫಾರ್ಮರ್ ನಿಜವಾಗ್ಲೂ ಅಲ್ಲಿದೆಯಾ? ಎದುರು ಮನೆ ಸಿಸಿಟಿವಿಯಲ್ಲಿ ಏನಿದೆ? ಗೂಗಲ್ ಲೆನ್ಸ್‌ಗೆ ಹಾಕಿ. ಇದೇ ಫೋಟೋ ಹೋದ ವರ್ಷ ಬೇರೆ ಊರಿನ ಹೆಸರಲ್ಲಿ ಓಡಾಡಿದ್ರೆ ಸಿಕ್ಕಿಬೀಳಬಹುದು. ಸಿಗದಿದ್ರೆ ಅದರಿಂದ ನಿಜ ಅಂತಾನೂ ಆಗಲ್ಲ, ಸುಳ್ಳು ಅಂತಾನೂ ಆಗಲ್ಲ. ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ.

ಅವರು ಬಂದು ಹೆಜ್ಜೆ ಗುರುತು ನೋಡೋವರೆಗೆ ಗ್ರೂಪಲ್ಲಿ ‘ಗೊತ್ತಿಲ್ಲ’ ಅಂತ ಹಾಕಿ. ನಾಯೀನ ವಾಕಿಂಗ್‌ಗೆ ಬೆಳಿಗ್ಗೆ ಕರ್ಕೊಂಡು ಹೋದ್ರಾಯ್ತು.